ಕಾಂಪೊಸಿಷನ್ ಲಾಭವೋ ನಷ್ಟವೋ: ಲೆಕ್ಕ ಹಾಕುವುದು ಹೀಗೆ

ಮಾರ್ಚ್ ಬಂತೆಂದರೆ ಅಂಗಡಿಯವರು ಕೇಳುವುದು ಒಂದೇ ಮಾತು: ‘ಶೇ 18ರ ಬದಲು ಶೇ 1 ಕಟ್ಟಿದರೆ ಸಾಕಲ್ವಾ ಸಾರ್?’ ಈ ಹೋಲಿಕೆಯೇ ತಪ್ಪು. ಮಾಮೂಲಿ ಜಿಎಸ್‌ಟಿಯಲ್ಲಿ ಗ್ರಾಹಕರಿಂದ ಪಡೆದ ತೆರಿಗೆಯಲ್ಲಿ ಖರೀದಿಗೆ ಕೊಟ್ಟ ತೆರಿಗೆಯನ್ನು ಕಳೆದು, ಮಿಕ್ಕಿದ್ದನ್ನಷ್ಟೇ ಕಟ್ಟುತ್ತೀರಿ. ಕಾಂಪೊಸಿಷನ್, ಅಂದರೆ ರಾಜಿ ತೆರಿಗೆಯಲ್ಲಿ ಆ ಇನ್‌ಪುಟ್ ಕ್ರೆಡಿಟ್ ಇಲ್ಲ. ತೆರಿಗೆ ಬೀಳುವ ಸರಕಿನ ಇಡೀ ಮಾರಾಟದ ಶೇ 1ನ್ನು ನಿಮ್ಮ ಕೈಯಿಂದಲೇ ಕಟ್ಟಬೇಕು.

ಮೊದಲು ಅರ್ಹತೆ. ನಮ್ಮ ರಾಜ್ಯದಲ್ಲಿ ಹಿಂದಿನ ವರ್ಷದ ವಹಿವಾಟು 1.5 ಕೋಟಿ ರೂಪಾಯಿ ಮೀರಿರಬಾರದು, ಹೊರರಾಜ್ಯಕ್ಕೆ ಮಾರುವಂತಿಲ್ಲ.

ಎರಡನೆಯದು ಲಾಭಾಂಶದ ಲೆಕ್ಕ. ಎಡವುವುದು ಇಲ್ಲೇ, ನಿಧಾನವಾಗಿ ಮಾಡಿ. ಶೇ 18ರ ಸರಕು ಮಾರುವ ಹಾರ್ಡ್‌ವೇರ್ ಅಂಗಡಿಯೊಂದಿದೆ ಎನ್ನಿ. ವರ್ಷದ ಖರೀದಿ 40 ಲಕ್ಷ, ಅದರ ಮೇಲಿನ ತೆರಿಗೆ 7.20 ಲಕ್ಷ. ಮಾರಾಟ ತೆರಿಗೆ ಸೇರಿ 59 ಲಕ್ಷ. ಅದರಲ್ಲಿ ತೆರಿಗೆ 9 ಲಕ್ಷ. ಮಾಮೂಲಿಯಲ್ಲಿ ಕಟ್ಟುವುದು 1.80 ಲಕ್ಷ, ಉಳಿಯುವುದು 10 ಲಕ್ಷ. ಕಾಂಪೊಸಿಷನ್‌ನಲ್ಲಿ ಅದೇ ಬೆಲೆಗೆ ಮಾರಿದರೆ ತೆರಿಗೆ 59 ಸಾವಿರ. ಖರೀದಿಯ ತೆರಿಗೆಯನ್ನು ಅಸಲಿಗೆ ಸೇರಿಸಿದ ಮೇಲೂ ಉಳಿಯುವುದು 11.21 ಲಕ್ಷ.

ಈ ಅಂಗಡಿಯ ಲಾಭಾಂಶ ಖರೀದಿಯ ಶೇ 25. ಅದು ಶೇ 5 ಆಗಿದ್ದರೆ? ಮಾಮೂಲಿಯಲ್ಲಿ ಕಟ್ಟುವುದು 36 ಸಾವಿರ, ಕಾಂಪೊಸಿಷನ್‌ನಲ್ಲಿ ಸುಮಾರು 49,500. ಶೇ 18ರ ಸರಕಿಗೆ ಲಾಭಾಂಶ ಶೇ 7 ದಾಟಿದರೆ ಮಾತ್ರ ಕಾಂಪೊಸಿಷನ್ ಗಿಟ್ಟುತ್ತದೆ. ಶೇ 5ರ ಸರಕಿಗಾದರೆ ಸುಮಾರು ಶೇ 27 ದಾಟಬೇಕು. ಕಿರಾಣಿಯಲ್ಲಿ ಅಷ್ಟು ಲಾಭ ಎಲ್ಲಿ ಬರುತ್ತದೆ? ವಹಿವಾಟಿನ ಮೊತ್ತವೊಂದನ್ನೇ ಕೇಳಿ ‘ಇಷ್ಟು ಉಳಿಯಿತು’ ಎಂದು ತೋರಿಸುವ ಕ್ಯಾಲ್ಕುಲೇಟರ್‌ಗಳನ್ನು ನಂಬಲೇಬೇಡಿ.

ಮೂರನೆಯದು, ಕೊಳ್ಳುವವರು ಯಾರೆಂದು ನೋಡಿ. ಕಾಂಪೊಸಿಷನ್‌ನಲ್ಲಿ ನೀವು ಕೊಡುವ ಬಿಲ್ ಆಫ್ ಸಪ್ಲೈನಲ್ಲಿ ತೆರಿಗೆ ಕಾಣುವುದಿಲ್ಲ, ಹಾಗಾಗಿ ಜಿಎಸ್‌ಟಿ ನೋಂದಣಿ ಇರುವ ಗುತ್ತಿಗೆದಾರರಿಗೆ ಕ್ರೆಡಿಟ್ ಸಿಗುವುದಿಲ್ಲ. ಅವರು 59 ರೂಪಾಯಿಯ ಸರಕನ್ನು 50ಕ್ಕೆ ಕೇಳುತ್ತಾರೆ. ನಿಮ್ಮ ಅಸಲೇ 47.20. ಮಾರಾಟದ ಕಾಲುಭಾಗ ಇಂಥವರದ್ದಾಗಿದ್ದರೂ ಮಾಮೂಲಿಯಲ್ಲೇ ಇರಿ ಎನ್ನುವುದು ನನ್ನ ಖಚಿತ ಸಲಹೆ.

ಬದಲಾಗುವುದೇ ಆದರೆ ಮಾರ್ಚ್ 31ರೊಳಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ CMP-02 ಅರ್ಜಿ ಸಲ್ಲಿಸಿ. ಬಳಿಕ CMP-08ರಲ್ಲಿ ಮೂರು ತಿಂಗಳಿಗೊಮ್ಮೆ ತೆರಿಗೆ, ವರ್ಷಕ್ಕೊಂದು GSTR-4 ರಿಟರ್ನ್.

ಬಹಳ ಜನ ಮರೆಯುವುದು ITC-03 ಎಂಬ ನಮೂನೆ. ಕೈಯಲ್ಲಿರುವ ದಾಸ್ತಾನಿನ ಮೇಲೆ ಈಗಾಗಲೇ ಪಡೆದ ಕ್ರೆಡಿಟ್ ವಾಪಸ್ ಕಟ್ಟಬೇಕು. ಮೇಲಿನ ಅಂಗಡಿಯಲ್ಲಿ 6 ಲಕ್ಷದ ಸರಕಿದ್ದರೆ ಅದು 1.08 ಲಕ್ಷ. ಮೊದಲ ವರ್ಷದ 1.21 ಲಕ್ಷದ ಉಳಿತಾಯದಲ್ಲಿ ಬಹುಪಾಲು ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಫೆಬ್ರವರಿಯಲ್ಲೇ ಹೊಸ ಖರೀದಿ ತಗ್ಗಿಸಿ, ದಾಸ್ತಾನು ಕರಗಿಸಿಕೊಳ್ಳಿ.