ಅರಬಿಯಲ್ಲಿ ಅನ್, ಅನ್ನ, ಇನ್ನ: ನಾನು ಆರಿಸುವ ರೀತಿ

ರೈಲು ತಡ ಅಂತ ಹೇಳಿದ, ರೈಲು ತಡ ಅಂತ ಗೊತ್ತಿತ್ತು, ಊರಿಗೆ ಹೋಗಬೇಕು ಅಂತ ಇದ್ದ. ಕನ್ನಡಕ್ಕೆ ಮೂರು ಕಡೆಯೂ ಒಂದೇ ‘ಅಂತ’ ಸಾಕು. ಅರಬಿಯಲ್ಲಿ ಅದಕ್ಕೆ ಅನ್, ಅನ್ನ, ಇನ್ನ ಎಂಬ ಮೂರು ಪದಗಳಿವೆ, ಬರೆಯುವಾಗ ಕನ್ನಡಿಗರ ಕೈ ತಪ್ಪುವುದು ಇಲ್ಲೇ.

ನಾನು ಮೊದಲು ಕೇಳಿಕೊಳ್ಳುವುದು, ಮುಂದೆ ಬರುವುದು ಕ್ರಿಯಾಪದವೋ ನಾಮಪದವೋ ಎಂದು. ಬಯಕೆ, ಅಪ್ಪಣೆ, ಸಾಧ್ಯತೆ ಹೇಳುವ ಮಾತುಗಳಾದ ಮೇಲೆ ಅನ್ ಬರುತ್ತದೆ, ಅದರ ಬೆನ್ನಿಗೇ ಕ್ರಿಯಾಪದ. ಆ ಕ್ರಿಯಾಪದದ ಕೊನೆಯ ‘ಉ’ ‘ಅ’ ಆಗುತ್ತದೆ: ಯುಸಾಫಿರು ಹೋಗಿ ಯುಸಾಫಿರ. ಪುಲ್ಲಿಂಗ ಬಹುವಚನದಲ್ಲಿ ‘ನ’ ಬಿದ್ದುಹೋಗುತ್ತದೆ: ಯುರೀದೂನ ಅನ್ ಯುಸಾಫಿರೂ. ಸ್ವರಚಿಹ್ನೆ ಹಾಕದ ಬರಹದಲ್ಲೂ ಈ ‘ನ’ ಉಳಿದಿರುವುದು ಕಣ್ಣಿಗೆ ಬೀಳುವುದರಿಂದ, ತಿದ್ದುವಾಗ ನಾನು ಮೊದಲು ಹುಡುಕುವುದು ಅದನ್ನೇ.

ತಿಳಿಯುವುದು, ಕೇಳಿಸಿಕೊಳ್ಳುವುದು, ಭಾವಿಸುವುದು ಇವಕ್ಕೆಲ್ಲ ಅನ್ನ. ಅದಾದ ಮೇಲೆ ನಾಮಪದವೋ ಸರ್ವನಾಮವೋ ಬರಲೇಬೇಕು, ಅದೂ ದ್ವಿತೀಯಾ ವಿಭಕ್ತಿಯಲ್ಲಿ. ‘ಮೇಲಧಿಕಾರಿ ಹೊರಟರೆಂದು ತಿಳಿಯಿತು’ ಎನ್ನಲು ಅನ್ನ ಆದಮೇಲೆ ನೇರ ಸಾಫರ ಎಂದು ಹಾಕಿದರೆ ವಾಕ್ಯ ಮುರಿಯುತ್ತದೆ. ಕರ್ತೃವನ್ನು ಮುಂದೆ ತಂದು ‘ಅಲಿಮ್ತು ಅನ್ನಲ್ ಮುದೀರ ಸಾಫರ’ ಎನ್ನಬೇಕು.

ಇನ್ನ ಬರುವುದು ಕಾಲ, ಅಂದರೆ ‘ಹೇಳಿದ’ ಎಂಬ ಕ್ರಿಯಾಪದದ ನಂತರ. ಅಲ್ಲಿಂದ ಮುಂದಿನದು ಆಡಿದವನ ಮಾತು, ಹೊಸ ವಾಕ್ಯ. ಇನ್ನ ವಾಕ್ಯದ ತಲೆಯಲ್ಲಿ ನಿಲ್ಲುವ ಪದ. ವಿಭಕ್ತಿಯ ನಿಯಮ ಅನ್ನದ್ದೇ. ಹಾಗೆಂದು ಹೇಳಿಕೆಯ ಕ್ರಿಯಾಪದಗಳಿಗೆಲ್ಲ ಇನ್ನ ಹಾಕಬಾರದು. ದಕರ (ಪ್ರಸ್ತಾಪಿಸಿದ), ಅಅಲನ (ಘೋಷಿಸಿದ), ಅಕ್ಕದ (ಒತ್ತಿ ಹೇಳಿದ) ಇವೆಲ್ಲ ಅನ್ನವನ್ನೇ ಬೇಡುತ್ತವೆ. ಸುದ್ದಿ ಬರಹದಲ್ಲಿ ‘ಕಾಲ ಅನ್ನ’ ಸಾಕಷ್ಟು ಕಾಣಸಿಗುತ್ತದೆ. ನಾನು ಅದನ್ನು ತಿದ್ದಿಯೇ ಬಿಡುತ್ತೇನೆ.

ಮೂರೂ ಇರುವ ಒಂದು ವಾಕ್ಯ ನೋಡಿ: ‘ನಾಳೆ ಹೊರಡಬೇಕೆಂದಿದ್ದೇನೆ, ರೈಲು ತಡವೆಂದು ಗೊತ್ತು ಎಂದು ಅವನು ಹೇಳಿದ.’ ಅರಬಿಯಲ್ಲಿ: ಕಾಲ ಇನ್ನಹು ಯುರೀದು ಅನ್ ಯುಸಾಫಿರ ಗದನ್ ವ ಯಅಲಮು ಅನ್ನಲ್ ಕಿತಾರ ಮುತಅಖ್ಖಿರುನ್. ಕಾಲ ಇರುವುದರಿಂದ ಇನ್ನ, ಅದಕ್ಕೆ ‘ಹು’ (ಅವನು) ಅಂಟಿದೆ. ಯುರೀದು ಬಯಕೆಯದಾದ್ದರಿಂದ ಅನ್, ಯಅಲಮು ತಿಳಿವಿನದಾದ್ದರಿಂದ ಅನ್ನ. ಕಿತಾರ ‘ಅ’ಕಾರಕ್ಕೆ ತಿರುಗಿದರೂ ಮುತಅಖ್ಖಿರುನ್ ಪ್ರಥಮೆಯಲ್ಲೇ ಉಳಿದಿದೆ; ಎರಡನ್ನೂ ತಿರುಗಿಸುವುದು ಹೊಸಬರ ತಪ್ಪು.

ಅಚ್ಚಿನಲ್ಲಿ ಅನ್, ಅನ್ನ ಒಂದೇ ರೀತಿ ಕಾಣುತ್ತವೆ, ಹಂಝ ಎಂಬ ಚಿಹ್ನೆ ಅಲಿಫ್ ಅಕ್ಷರದ ಮೇಲಿರುತ್ತದೆ. ಇನ್ನ ಆದರೆ ಕೆಳಗೆ. ಹಂಝವನ್ನೇ ಬಿಟ್ಟು ಟೈಪ್ ಮಾಡಿದ್ದರೆ ಹಿಂದಿನ ಕ್ರಿಯಾಪದ ಮತ್ತು ಮುಂದಿನ ಪದ ನೋಡಿಯೇ ಓದಿಕೊಳ್ಳಬೇಕು.

ತಿಳಿಯುವ ಕ್ರಿಯಾಪದದ ಬಳಿಕವೂ ಇನ್ನ ಬರುವ ಒಂದು ಸಂದರ್ಭವಿದೆ. ಆಖ್ಯಾತಕ್ಕೆ ಒತ್ತು ಕೊಡುವ ‘ಲ’ ಸೇರಿದಾಗ ಅನ್ನ ಇನ್ನ ಆಗುತ್ತದೆ. ಕುರಾನಿನ 63ನೇ ಅಧ್ಯಾಯದ ಮೊದಲ ವಚನದಲ್ಲಿರುವ ‘ವಲ್ಲಾಹು ಯಅಲಮು ಇನ್ನಕ ಲ ರಸೂಲುಹು’ ಇದಕ್ಕೆ ಉದಾಹರಣೆ. ಆ ‘ಲ’ ತೆಗೆದರೆ ಅಲ್ಲಿ ಅನ್ನಕ ಎಂದೇ ಬರಬೇಕು.