ಎಳ್ಳು–ಬೆಲ್ಲದ ನಾಲ್ಕು ಸಾಲು: ಎಲ್‌ಕೆಜಿ ಮಕ್ಕಳಿಗೆ ಸಂಕ್ರಾಂತಿ ಹಾಡು ಕಟ್ಟಿದ ಬಗೆ

ನಾಲ್ಕೈದು ವರ್ಷದ ಮಕ್ಕಳಿಗೆ ಹಾಡು ಬರೆಯುವಾಗ ನಾನು ಪದಗಳಿಂದ ಶುರು ಮಾಡುವುದಿಲ್ಲ, ಚಪ್ಪಾಳೆಯಿಂದ ಶುರು ಮಾಡುತ್ತೇನೆ. ಒಂದು ಸಾಲಿಗೆ ನಾಲ್ಕು ಚಪ್ಪಾಳೆ, ಒಂದೊಂದು ಚಪ್ಪಾಳೆಗೆ ಒಂದು ‘ತಕಧಿಮಿ’. ಅಂದರೆ ನಾಲ್ಕು ಮಾತ್ರೆಯ ಗಣ ನಾಲ್ಕು. ಕೊನೆಯ ಗಣದಲ್ಲಿ ಮಾತ್ರ ‘ತಕಧಿ’ ಎಂದು ಮೂರಕ್ಕೇ ನಿಲ್ಲಿಸಿ ಒಂದು ಮಾತ್ರೆ ಖಾಲಿ ಬಿಡುತ್ತೇನೆ. ಮಕ್ಕಳು ಉಸಿರು ಎಳೆದುಕೊಳ್ಳುವುದು ಅಲ್ಲೇ. ಆ ಜಾಗವನ್ನೂ ತುಂಬಿಸಿದರೆ ಮೊದಲ ಎರಡು ಸಾಲು ಹೇಗೋ ಹೋಗುತ್ತವೆ, ಮೂರನೆಯ ಸಾಲಿನ ನಡುವೆ ಅರ್ಧ ತರಗತಿ ಉಸಿರಿಗೆ ನಿಲ್ಲುತ್ತದೆ, ಇನ್ನರ್ಧ ಮುಂದೆ ಓಡುತ್ತದೆ.

ಮಾತ್ರೆ ಎಣಿಸುವುದು ಶಾಲೆಯಲ್ಲಿ ಕಲಿತದ್ದೇ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು.

ಸಂಕ್ರಾಂತಿ ಅಂದ ಕೂಡಲೆ ಎಲ್ಲರ ಕೈಗೂ ಮೊದಲು ಬರುವ ಸಾಲು ‘ಎಳ್ಳು ಬೆಲ್ಲ ಕೊಬ್ಬರಿ ಕಡಲೆ’. ಓದಲು ಚೆನ್ನಾಗಿದೆ, ಚಪ್ಪಾಳೆಗೆ ಕೂರುವುದಿಲ್ಲ. ‘ಎಳ್ಳು’ ಮೂರು ಮಾತ್ರೆ, ‘ಬೆಲ್ಲ’ ಮೂರು, ‘ಕೊಬ್ಬರಿ’ ನಾಲ್ಕು, ‘ಕಡಲೆ’ ಮೂರು. ಕೆಲವು ಮಕ್ಕಳು ‘ಎಳ್ಳೂ ಬೆಲ್ಲಾ’ ಎಂದು ಎಳೆದು ನಾಲ್ಕು ಮಾಡಿಕೊಳ್ಳುತ್ತಾರೆ, ಕೆಲವರು ಬರೆದ ಹಾಗೇ ಹೇಳುತ್ತಾರೆ. ‘ಕೊಬ್ಬರಿ’ ಬರುವ ಹೊತ್ತಿಗೆ ಎರಡು ಗುಂಪು ಆಗಿರುತ್ತದೆ. ತಪ್ಪು ಮಕ್ಕಳದಲ್ಲ. ಅದೇ ಪದಗಳಿಗೆ ಪ್ರತ್ಯಯ ಹಚ್ಚಿದರೆ ಸಾಕು: ‘ಎಳ್ಳಿನ’ ನಾಲ್ಕು, ‘ಬೆಲ್ಲದ’ ನಾಲ್ಕು.

ಇನ್ನೊಂದು ತೊಡಕು ಹಬ್ಬದ ಹೆಸರೇ. ‘ಸಂಕ್ರಾಂತಿ’ ಅಂದರೆ ಎರಡು, ಎರಡು, ಒಂದು, ಒಟ್ಟು ಐದು ಮಾತ್ರೆ. ನಾಲ್ಕರ ಡಬ್ಬಿಯಲ್ಲಿ ಹಿಡಿಯುವುದಿಲ್ಲ. ‘ಸಂಕ್ರಾಂತಿ ಬಂತು’ ಎಂದು ಬರೆದ ಹಾಡುಗಳು ಅಲ್ಲೇ ಎಡವುತ್ತವೆ. ಉಳಿದ ಆ ‘ತಿ’ಯನ್ನು ಮುಂದಿನ ಗಣಕ್ಕೆ ದಾಟಿಸಿ, ಅದರ ಜೊತೆ ಮೂರು ಹ್ರಸ್ವಾಕ್ಷರ ಸೇರಿಸಬೇಕು. ‘ಸಂಕ್ರಾಂ–ತಿಯ ಸಿಹಿ’ ಅಂದಾಗ ಎಂಟು ಮಾತ್ರೆ, ಎರಡು ಚಪ್ಪಾಳೆ, ಸರಿಯಾಗಿ ಮುಗಿಯುತ್ತದೆ. ಪದ ನಡುವೆ ತುಂಡಾಗುವುದು ಬರಹದಲ್ಲಿ ಕಾಣುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ.

ಕೊನೆಗೆ ನಿಂತ ಹಾಡು ಇದು:

ಎಳ್ಳಿನ ಜೊತೆಯಲಿ ಬೆಲ್ಲದ ಚೂರು
ಕಬ್ಬಿನ ತುಂಡೂ ಕೈಯಲಿ ಮೂರು
ಸಂಕ್ರಾಂತಿಯ ಸಿಹಿ ಎಲ್ಲರು ತಿನ್ನಿ
ಒಳ್ಳೆಯ ಮಾತನು ಆಡುವ ಬನ್ನಿ

ಪ್ರಾಸದಲ್ಲಿ ಕೊನೆಯ ಅಕ್ಷರ ಒಂದೇ ಆದರೆ ಸಾಲದು, ಅದರ ಹಿಂದಿನ ಸ್ವರವೂ ಕೂಡಬೇಕು. ‘ಚೂರು–ಜೋರು’ ಹಾಕಿದರೆ ದೊಡ್ಡವರ ಕಣ್ಣಿಗೆ ಪ್ರಾಸ, ಮಕ್ಕಳ ಕಿವಿಗೆ ಅಲ್ಲ. ‘ಚೂರು’ ಎಂದ ಬಾಯಿ ತಾನಾಗಿಯೇ ‘ಮೂರು’ ಎನ್ನುವಂತಿದ್ದರೆ ಎರಡನೆಯ ಸಾಲು ಮರೆತ ಮಗುವೂ ಕೊನೆಯ ಪದಕ್ಕೆ ಬಂದು ಸೇರಿಕೊಳ್ಳುತ್ತದೆ. ‘ರ’ ಇನ್ನೂ ಹೊರಳದ ಮಕ್ಕಳು ‘ಚೂಲು, ಮೂಲು’ ಅನ್ನುತ್ತಾರೆ. ಎರಡೂ ಒಟ್ಟಿಗೇ ಬದಲಾಗುವುದರಿಂದ ಪ್ರಾಸಕ್ಕೆ ಏನೂ ಆಗುವುದಿಲ್ಲ. ‘ಸಂಕಾಂತಿ’ ಎಂದರೂ ಮಾತ್ರೆ ಅಷ್ಟೇ. ಇವುಗಳನ್ನು ತಿದ್ದಲು ಹೋಗಿ ಸಮಯ ಕಳೆಯಬಾರದು.

ತಾಳ ಕೆಡಿಸುವ ತಿದ್ದುಪಡಿ ಸಾಮಾನ್ಯವಾಗಿ ದೊಡ್ಡವರಿಂದ ಬರುತ್ತದೆ. ‘ಕೈಯಲಿ’ ತಪ್ಪು, ‘ಕೈಯಲ್ಲಿ’ ಸರಿ ಎಂದು ಯಾರಾದರೂ ಹೇಳಿಕೊಟ್ಟರೆ ಐದು ಮಾತ್ರೆ ಆಗಿ ‘ಮೂರು’ ತಡವಾಗುತ್ತದೆ. ‘ಎಲ್ಲರು’ ಹೋಗಿ ‘ಎಲ್ಲರೂ’ ಆದರೂ ಅದೇ ಗತಿ. ಆದ್ದರಿಂದ ಮನೆಗೆ ಕಳಿಸುವ ಚೀಟಿಯಲ್ಲಿ ‘ಇಲ್ಲಿ ದೀರ್ಘ ಬೇಡ, ಒತ್ತು ಬೇಡ’ ಎಂದು ಆ ಎರಡು ಪದಗಳ ಕೆಳಗೆ ಗೆರೆ ಎಳೆದಿಡುತ್ತೇನೆ. ‘ಜೊತೆಯಲಿ’ಯನ್ನು ಮಕ್ಕಳು ‘ಜೊತೇಲಿ’ ಮಾಡುತ್ತಾರೆ. ಅಲ್ಲಿ ಲೆಕ್ಕ ನಾಲ್ಕೇ ಉಳಿಯುತ್ತದೆ, ನಡೆ ಸ್ವಲ್ಪ ಕುಲುಕುತ್ತದೆ ಅಷ್ಟೆ, ಬಿಟ್ಟುಬಿಡುತ್ತೇನೆ.

ರಾಗಕ್ಕೆ ಐದು ಸ್ವರಕ್ಕಿಂತ ಹೆಚ್ಚು ಬೇಡ, ಒಂದು ಗಣಕ್ಕೆ ಒಂದೇ ಸ್ವರ. ಮೊದಲ ಸಾಲು ಸ–ರಿ–ಗ–ಗ, ಎರಡನೆಯದು ಗ–ರಿ–ಸ–ಸ, ಮೂರನೆಯದು ಗ–ಮ–ಪ–ಪ, ನಾಲ್ಕನೆಯದು ಪ–ಗ–ರಿ–ಸ. ಕೀಬೋರ್ಡಿನ ನಡುವಿನ ‘ಡಿ’ಯನ್ನು ಷಡ್ಜ ಮಾಡಿಕೊಂಡರೆ ಪಂಚಮ ‘ಎ’ಗೆ ಬರುತ್ತದೆ, ಅಷ್ಟರೊಳಗೆ ಈ ವಯಸ್ಸಿನ ಗಂಟಲು ಆರಾಮಾಗಿ ಓಡಾಡುತ್ತದೆ. ಹೇಳಿಕೊಡುವವರು ತಮ್ಮ ಶ್ರುತಿಗೆ ಇಳಿಸಿಕೊಂಡರೆ ಮಕ್ಕಳು ಮೊದಲ ಸಾಲನ್ನು ಹಾಡುವುದಿಲ್ಲ, ಗೊಣಗುತ್ತಾರೆ. ಮೂರನೆಯ ಸಾಲಿಗೆ ಮಾತ್ರ ದನಿ ಎದ್ದರೆ ಶ್ರುತಿ ತಗ್ಗಾಗಿದೆ ಎಂದರ್ಥ. ಅಲ್ಲಿ ಕಿರುಚಾಟವಾದರೆ ಹೆಚ್ಚಾಗಿದೆ.

ವೇಗಕ್ಕೆ ಗೋಡೆ ಗಡಿಯಾರ ಸಾಕು: ಸೆಕೆಂಡಿಗೆ ಒಂದು ಚಪ್ಪಾಳೆ. ಒಂದು ಸುತ್ತಿಗೆ ಹದಿನಾರು ಸೆಕೆಂಡು, ಮೂರು ಸುತ್ತು ಹಾಡಿದರೆ ಮುಕ್ಕಾಲು ನಿಮಿಷದ ಮೇಲೆ ಸ್ವಲ್ಪ. ನಾಲ್ಕನೆಯ ಸುತ್ತಿಗೆ ಹಾಡುವವರಿಗಿಂತ ಅಮ್ಮನಿಗೆ ಕೈ ಬೀಸುವವರೇ ಹೆಚ್ಚು. ವೇದಿಕೆ ಮೇಲೆ ಮಕ್ಕಳ ಕೈಯಲ್ಲಿ ಚಪ್ಪಾಳೆ ಹೊಡೆಸುವುದಿಲ್ಲ. ಮೂವತ್ತು ಜನರ ಚಪ್ಪಾಳೆ ಎಂದೂ ಒಂದಾಗುವುದಿಲ್ಲ, ಹಾಡು ಅದರ ಹಿಂದೆ ಹೋಗಿಬಿಡುತ್ತದೆ. ಪಕ್ಕದಲ್ಲಿ ನಿಂತ ಒಬ್ಬರು ಭಜನೆಯ ತಾಳ ಹಿಡಿದು ಗಣಕ್ಕೊಂದು ಪೆಟ್ಟು ಹಾಕಿದರೆ ಆಯಿತು. ಶುರುವಿಗೆ ನಾಲ್ಕು ಖಾಲಿ ಪೆಟ್ಟು, ಐದನೆಯದಕ್ಕೆ ‘ಎಳ್ಳಿನ’.

ಅಭಿನಯ ಸಾಲಿಗೆ ಒಂದೇ. ಮೊದಲ ಸಾಲಿಗೆ ಎರಡೂ ಅಂಗೈ ಸೇರಿಸಿ ತಟ್ಟೆ. ಎರಡನೆಯದಕ್ಕೆ ಮೂರು ಬೆರಳು. ಮೂರನೆಯದಕ್ಕೆ ‘ತಿನ್ನಿ’ ಎಂದು ಎದುರಿನವರತ್ತ ಕೈ ಚಾಚುವುದು. ಬಾಯಿಗೆ ತುತ್ತಿಡುವ ಅಭಿನಯ ನೋಡಲು ಮುದ್ದು, ಆದರೆ ಕೈ ಬಾಯಿಗೆ ಅಡ್ಡ ಬಂದು ಮೈಕಿಗೆ ಏನೂ ಹೋಗುವುದಿಲ್ಲ. ಕೊನೆಯ ಸಾಲಿಗೆ ಕೈ ಬೀಸಿ ಕರೆಯುವುದು. ನಿಜವಾದ ಎಳ್ಳು–ಬೆಲ್ಲ ಮಕ್ಕಳ ಕೈಗೆ ಕೊಡಬೇಡಿ, ಹಾಡು ಮುಗಿಯುವ ಮೊದಲೇ ಖಾಲಿಯಾಗುತ್ತದೆ. ಕಬ್ಬಿನ ತುಂಡಂತೂ ಕೊಟ್ಟ ಕ್ಷಣವೇ ಕತ್ತಿ.

ಕಲಿಸಲು ದಿನಕ್ಕೆ ಹತ್ತು ನಿಮಿಷದಂತೆ ಎಂಟು ದಿನ ಬೇಕು. ಹಬ್ಬ ಜನವರಿ 14 ಅಥವಾ 15ಕ್ಕೆ ಬರುವುದರಿಂದ, ಹಿಂದಿನ ದಿನ ಕಾರ್ಯಕ್ರಮವಿದ್ದರೆ ತಿಂಗಳ ಮೊದಲ ವಾರ ತಪ್ಪಿಸುವಂತಿಲ್ಲ. ಮೊದಲ ದಿನ ಪದವೇ ಇಲ್ಲ, ಬರೀ ‘ತಕಧಿಮಿ’ ಮತ್ತು ಸಾಲಿನ ಕೊನೆಯ ಮೌನ. ಎರಡನೆಯ ದಿನ ಪ್ರಾಸದ ಪದಗಳಷ್ಟೇ: ನಾನು ಸಾಲು ಹೇಳುತ್ತೇನೆ, ‘ಚೂರು’, ‘ಮೂರು’ ಅವರದು. ಉಳಿದದ್ದು ಹಿಂದಿನಿಂದ ಮುಂದಕ್ಕೆ ತಾನೇ ತುಂಬಿಕೊಳ್ಳುತ್ತದೆ.

ಇದೇ ಅಚ್ಚನ್ನು ಯುಗಾದಿಗೆ ಬಳಸಬಹುದು: ‘ಬೇವಿನ ಜೊತೆಯಲಿ ಬೆಲ್ಲದ ಚೂರು, ಮಾವಿನ ತೋರಣ ಎಲೆಗಳು ನೂರು’. ಮೂರನೆಯ ಸಾಲಲ್ಲಿ ಎಚ್ಚರ ಬೇಕು. ‘ಯುಗಾದಿ’ ಲೆಕ್ಕಕ್ಕೆ ಸರಿಯಾಗಿ ನಾಲ್ಕು ಮಾತ್ರೆ, ಆದರೂ ಸಾಲಿನ ಮೊದಲಲ್ಲಿ ಕೂರುವುದಿಲ್ಲ. ಲಘು–ಗುರು–ಲಘು, ಅಂದರೆ ಜಗಣ. ಚಪ್ಪಾಳೆ ‘ಯು’ ಮೇಲೆ ಬೀಳುತ್ತದೆ, ದನಿಯ ಭಾರ ‘ಗಾ’ ಮೇಲೆ. ಕಂದಪದ್ಯದಲ್ಲಿ ಬೆಸ ಗಣಕ್ಕೆ ಜಗಣ ಬರಬಾರದು ಎಂಬ ನಿಯಮವನ್ನು ಮಕ್ಕಳ ಬಾಯಲ್ಲಿ ಕೇಳಿದರೆ ಬೇಗ ಅರ್ಥವಾಗುತ್ತದೆ. ನಾನು ಅಲ್ಲಿ ‘ಹೊಸ ವರುಷದ ದಿನ ಎಲ್ಲರು ತಿನ್ನಿ’ ಎಂದು ಹಾಕಿಕೊಳ್ಳುತ್ತೇನೆ. ನಾಲ್ಕನೆಯ ಸಾಲು ಇದ್ದ ಹಾಗೇ ನಡೆಯುತ್ತದೆ.