ಬರುತ್ತೇನೆ, ನೋಡುತ್ತೇನೆ, ಓಡುತ್ತೇನೆ: ಥ್ರಿಲ್ಲರ್ ಬರೆಯಲು ಹೋಗಿ ನಾನು ಬಿದ್ದ ಗುಂಡಿಗಳು

ನನ್ನ ಥ್ರಿಲ್ಲರಿನ ನಾಯಕನೇ ಕಥೆ ಹೇಳುತ್ತಾನೆ. 'ನಾನು ಓಡಿದೆ' ಅಂತ ಬರೆದರೆ ಅವನು ಬದುಕಿ ಉಳಿದಿದ್ದಾನೆ ಅಂತ ಓದುವವರಿಗೆ ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತೆ, ಅಲ್ವಾ? ಅದಕ್ಕೇ ವರ್ತಮಾನ ಕಾಲ ಹಿಡಿದೆ.

ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿಯ ನೀರಿನ ಸುರಂಗ, ಮೇಲಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ನಾಯಕ ಅದರೊಳಗೆ ಅಡಗುವ ದೃಶ್ಯವನ್ನು ಮೊದಲ ಸಲ ಹೀಗೆ ಬರೆದಿದ್ದೆ: 'ಬಗ್ಗುತ್ತೇನೆ. ಟಾರ್ಚ್ ಆರಿಸುತ್ತೇನೆ. ಉಸಿರು ಬಿಗಿಹಿಡಿಯುತ್ತೇನೆ. ಕಿವಿಗೊಡುತ್ತೇನೆ.' ಜೋರಾಗಿ ಓದಿದೆ ನೋಡಿ, ನನಗೇ ನಗು ಬಂತು. ತ್ತೇನೆ, ತ್ತೇನೆ, ತ್ತೇನೆ, ಒಳ್ಳೆ ಮಗ್ಗಿ ಒಪ್ಪಿಸಿದ ಹಾಗೆ.

ಭೂತಕಾಲದಲ್ಲಿ ಈ ತೊಂದರೆ ಕಡಿಮೆ. ಬಂದೆ, ಹೋದೆ, ಎದ್ದೆ, ಕೂತೆ, ಬಿಟ್ಟೆ: ಒಂದೊಂದರ ಸದ್ದೂ ಬೇರೆ, ಎಲ್ಲಾ ಗಿಡ್ಡ. 'ಬಂದೆ' ಎರಡಕ್ಷರ, 'ಬರುತ್ತೇನೆ' ನಾಲ್ಕು. ವೇಗ ಬರಲಿ ಅಂತ ವರ್ತಮಾನಕ್ಕೆ ಹೋದವನ ವಾಕ್ಯಗಳು ಇನ್ನೂ ನಿಧಾನ ಆಗಿದ್ದವು!

ಆಮೇಲೆ ಕ್ರಿಯಾಪದಗಳನ್ನೇ ಕಿತ್ತು ಹಾಕಿದೆ. 'ಮೊಣಕಾಲ ತನಕ ನೀರು. ಟಾರ್ಚ್ ಆರಿಸಿ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೇನೆ. ಮೇಲಿನ ಕಿಂಡಿಯಲ್ಲಿ ಯಾರದೋ ತಲೆ.' ಮೂರು ವಾಕ್ಯಕ್ಕೆ ಒಂದೇ ಕ್ರಿಯಾಪದ, ಆದರೂ ಎಲ್ಲಾ ಈಗಲೇ ನಡೀತಾ ಇದೆ ಅನ್ನಿಸುತ್ತೆ. ಕನ್ನಡದಲ್ಲಿ 'ಇದೆ' ಅನ್ನದೆಯೂ ವಾಕ್ಯ ನಿಲ್ಲುತ್ತೆ, ಅದೇ ನನ್ನನ್ನು ಉಳಿಸಿದ್ದು.

ಇದಕ್ಕಿಂತ ಕೆಟ್ಟ ಗುಂಡಿ ಇನ್ನೊಂದಿತ್ತು, ನನಗೆ ಕಾಣಲೇ ಇಲ್ಲ. 'ಹನ್ನೊಂದಕ್ಕೆ ವಾಚ್‌ಮನ್ ಗೇಟಿಗೆ ಬೀಗ ಹಾಕುತ್ತಾನೆ' ಅಂತ ಬರೆದಿದ್ದೆ. ಹುಮನಾಬಾದಿನ ಗೆಳೆಯರೊಬ್ಬರು ಓದಿ ಕೇಳಿದರು, "ಏನ್ರೀ, ಈತ ದಿನಾ ಬೀಗ ಹಾಕ್ತಾನೋ, ಇವತ್ತು ಹಾಕ್ಯಾನೋ, ಇಲ್ಲಾ ಇನ್ನ ಹಾಕಾಂವ ಅದಾನೋ?" ಮೂರೂ ಅರ್ಥ ಬರುತ್ತೆ! ನಮ್ಮ 'ಹಾಕುತ್ತಾನೆ' ರೂಢಿಗೂ ಆಗುತ್ತೆ, ನಾಳೆಗೂ ಆಗುತ್ತೆ. ಕೊಲೆಯ ರಾತ್ರಿ ಗೇಟು ತೆರೆದಿತ್ತಾ ಅನ್ನೋದರ ಮೇಲೇ ನನ್ನ ಕಥೆ ನಿಂತಿತ್ತು, ಓದುವವರಿಗೆ ಸುಳಿವು ಕೊಟ್ಟೆ ಅಂದುಕೊಂಡಿದ್ದೆ, ಸುಮ್ನೆ ಗೊಂದಲ ಕೊಟ್ಟಿದ್ದೆ.

ಈಗ ಅದು ಹೀಗಿದೆ: 'ಬೀಗ ಬೀಳೋದು ದಿನಾ ಹನ್ನೊಂದಕ್ಕೆ. ಈಗ ಹನ್ನೊಂದೂ ಹತ್ತು. ವಾಚ್‌ಮನ್ ಕುರ್ಚಿ ಖಾಲಿ, ಬೀಗ ಕೊಂಡಿಯಲ್ಲಿ ತೆರೆದೇ ನೇತಾಡುತ್ತಿದೆ.' ರೂಢಿಗೆ 'ಬೀಳೋದು', ಈ ಕ್ಷಣಕ್ಕೆ 'ನೇತಾಡುತ್ತಿದೆ'. ಹಸ್ತಪ್ರತಿಯಲ್ಲಿ ಗಂಟೆ, ವಾರ, ತಾರೀಖು ಬಂದ ಕಡೆಯೆಲ್ಲಾ 'ತ್ತಾನೆ', 'ತ್ತದೆ' ಹುಡುಕಿ ಇದನ್ನೇ ಮಾಡಿದೆ.

'ಮುಂದೆ ಏನಾಗಲಿದೆ ಅಂತ ಆಗ ನನಗೆ ಗೊತ್ತಿರಲಿಲ್ಲ' ಅನ್ನೋ ಸಾಲುಗಳೂ ಹೋದವು, ಅದನ್ನು ಹೇಳೋಕೆ ಮುಂದಿನ ಕಾಲದಲ್ಲಿ ಯಾರೋ ಕೂತಿರಬೇಕಲ್ಲ. ಹೋಗಿದ್ದು ಒಳ್ಳೇದೇ ಆಯ್ತು ಬಿಡಿ.